ಮುಂದಿನ ತಿಂಗಳಿಗೆ ಎಷ್ಟು ಚೀಲ ಬೇಳೆ?

ತಿಂಗಳ ಕೊನೆ ಹತ್ತಿರ ಬಂತೆಂದರೆ ಕಿರಾಣಿ ಅಂಗಡಿಯವರಿಗೆ ಮಂಡಿಯಿಂದ ಫೋನ್ ಬರುತ್ತದೆ: "ಅಣ್ಣಾ, ಬೇಳೆ ಎಷ್ಟು ಚೀಲ ಹಾಕ್ಲಿ?" ಹೆಚ್ಚಿನವರು ಆ ಗಳಿಗೆಯಲ್ಲಿ ತಲೆಗೆ ಬಂದ ಸಂಖ್ಯೆಯನ್ನೇ ಹೇಳಿಬಿಡುತ್ತಾರೆ. ಹೋದ ತಿಂಗಳು ಜೋರಾಗಿತ್ತು ಅನ್ನಿಸಿದರೆ ಎರಡು ಚೀಲ ಹೆಚ್ಚು, ಮಂಕಾಗಿತ್ತು ಅನ್ನಿಸಿದರೆ ಎರಡು ಕಡಿಮೆ. ವರ್ಷಗಟ್ಟಲೆ ಗಲ್ಲಾದ ಮೇಲೆ ಕೂತವರ ಅಂದಾಜನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ನೆನಪಿಗೊಂದು ದೋಷವಿದೆ. ಮೂರು ತಿಂಗಳ ಹಿಂದಿನದಕ್ಕಿಂತ ಮೊನ್ನೆ ಮೊನ್ನೆಯದು ಅದರಲ್ಲಿ ದೊಡ್ಡದಾಗಿ ಕೂತಿರುತ್ತದೆ. ಕೊನೆಯ ವಾರ ಯಾರೋ ಮದುವೆ ಮನೆಯವರು ಬಂದು 15 ಕಿಲೋ ಬೇಳೆ ಒಯ್ದಿದ್ದರೆ ಇಡೀ ತಿಂಗಳೇ ಜೋರಾಗಿತ್ತು ಅನ್ನಿಸುತ್ತದೆ.

ಈ ಏರಿಳಿತವನ್ನು ಸ್ವಲ್ಪ ತಣ್ಣಗಾಗಿಸಿ ನೋಡುವ ಸುಲಭದ ಲೆಕ್ಕವೊಂದಿದೆ. ಅದನ್ನು ಚಲಿಸುವ ಸರಾಸರಿ ಎನ್ನುತ್ತಾರೆ; ಕಾಮರ್ಸ್ ಓದಿದ ಮಕ್ಕಳು ಮೂವಿಂಗ್ ಆವರೇಜ್ ಎಂದು ಹೇಳುವುದು ಇದನ್ನೇ. ಹಿಂದಿನ ಮೂರು ತಿಂಗಳ ಮಾರಾಟವನ್ನು ಕೂಡಿಸಿ ಮೂರರಿಂದ ಭಾಗಿಸಿದರೆ ಬರುವುದೇ ಮುಂದಿನ ತಿಂಗಳ ಅಂದಾಜು. ಒಂದು ತಿಂಗಳು ಕಳೆದ ಮೇಲೆ ಎಲ್ಲಕ್ಕಿಂತ ಹಳೆಯ ತಿಂಗಳನ್ನು ಬಿಟ್ಟು ಹೊಸದನ್ನು ಸೇರಿಸಿಕೊಂಡು ಮತ್ತೆ ಭಾಗಿಸಬೇಕು. ಹೀಗೆ ತಿಂಗಳಿಂದ ತಿಂಗಳಿಗೆ ಮುಂದಕ್ಕೆ ಸರಿಯುವುದರಿಂದ ಆ ಹೆಸರು. ಲೆಕ್ಕವೇನೋ ಇಷ್ಟೇ. ಕಷ್ಟ ಇರುವುದು ಅದಕ್ಕೆ ಕೊಡುವ ಅಂಕಿಯಲ್ಲಿ.

ಮೊದಲು ಆ ಅಂಕಿ ಎಲ್ಲಿಂದ ಬರುತ್ತದೆ ನೋಡೋಣ. ಬಿಲ್ಲಿಂಗ್ ಯಂತ್ರ ಇಲ್ಲದ ಅಂಗಡಿಯಲ್ಲಿ ದಿನವಿಡೀ ಕಾಲು ಕಿಲೋ, ಅರ್ಧ ಕಿಲೋ ಎಂದು ಕಟ್ಟಿಕೊಟ್ಟದ್ದನ್ನೆಲ್ಲ ಬರೆದಿಡುವುದು ಆಗದ ಮಾತು. ಅದರ ಅಗತ್ಯವೂ ಇಲ್ಲ. ತಿಂಗಳ ಮೊದಲ ದಿನ ಅಂಗಡಿಯಲ್ಲಿದ್ದ ಬೇಳೆಗೆ ಆ ತಿಂಗಳು ತಂದದ್ದನ್ನು ಕೂಡಿಸಿ, ಕೊನೆಯ ದಿನ ಉಳಿದದ್ದನ್ನು ಕಳೆದರೆ ಮಾರಾಟ ಸಿಗುತ್ತದೆ. ಜನವರಿ 1ಕ್ಕೆ 22 ಕಿಲೋ ಇತ್ತು, ಐದು ಚೀಲದಲ್ಲಿ 150 ಕಿಲೋ ಬಂತು, 31ರ ರಾತ್ರಿ ತೂಗಿದಾಗ 34 ಕಿಲೋ ಉಳಿದಿತ್ತು ಎನ್ನಿ. ಹೋದದ್ದು 138 ಕಿಲೋ. ಮನೆ ಖರ್ಚಿಗೆ ಒಳಗೆ ಒಯ್ದದ್ದು, ಇಲಿ ಕಡಿದು ಚೆಲ್ಲಿದ್ದು ಕೂಡ ಇದರಲ್ಲೇ ಸೇರಿಬಿಡುತ್ತದೆ. ಆದ್ದರಿಂದ ಅವೆರಡನ್ನೂ ಬೇರೆ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಲೆಕ್ಕ ಇಡಬೇಕಾದದ್ದು ಕಿಲೋದಲ್ಲಿ, ರೂಪಾಯಿಯಲ್ಲಲ್ಲ. ತೊಗರಿ ಬೇಳೆಯ ಬೆಲೆ ಒಂದೇ ವರ್ಷದಲ್ಲಿ ಎಷ್ಟು ಕುಣಿಯುತ್ತದೆ ಎಂಬುದು ಅಂಗಡಿಯವರಿಗೆ ಹೇಳಬೇಕಾದ ವಿಷಯವಲ್ಲ. 2024ರಲ್ಲಿ ಏರಿ ಕೂತಿದ್ದ ಬೆಲೆ 2025ರಲ್ಲಿ ಚೆನ್ನಾಗಿ ಇಳಿಯಿತು. ರೂಪಾಯಿಯಲ್ಲಿ ಬರೆದಿಟ್ಟವರಿಗೆ 2025ರಲ್ಲಿ ವ್ಯಾಪಾರ ಕುಸಿದಂತೆ ಕಾಣುತ್ತದೆ. ನಿಜವಾಗಿ ಅಷ್ಟೇ ಮನೆಗಳು ಅಷ್ಟೇ ಬೇಳೆ ಒಯ್ದಿರುತ್ತವೆ.

ಈಗ ತಾಲ್ಲೂಕು ಕೇಂದ್ರದ ಒಂದು ಸಾಧಾರಣ ಕಿರಾಣಿ ಅಂಗಡಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಅಂಕಿಗಳು ಉದಾಹರಣೆಗೆಂದು ಹಿಡಿದವು, ಆದರೆ ಇಂಥ ಅಂಗಡಿಗೆ ಒಪ್ಪುವಂಥವು. 2025ರ ಜನವರಿಯಲ್ಲಿ 138 ಕಿಲೋ, ಫೆಬ್ರವರಿಯಲ್ಲಿ 126, ಮಾರ್ಚ್‌ನಲ್ಲಿ 156 ಕಿಲೋ ತೊಗರಿ ಬೇಳೆ ಮಾರಾಟವಾಗಿದೆ. ಮೂರೂ ಸೇರಿ 420, ಮೂರರಿಂದ ಭಾಗಿಸಿದರೆ 140. ಏಪ್ರಿಲ್‌ನ ಅಂದಾಜು ಅದು. ಏಪ್ರಿಲ್ ಮುಗಿದಾಗ ನಿಜವಾಗಿ ಹೋದದ್ದು 141 ಎಂದು ತಿಳಿಯಿತು. ಜನವರಿಯನ್ನು ಬಿಟ್ಟು ಏಪ್ರಿಲ್ ಸೇರಿಸಿದರೆ ಮೇ ತಿಂಗಳಿಗೆ ಮತ್ತೆ 141. ಹೀಗೇ ಮುಂದುವರಿಸಿದರೆ ಜುಲೈವರೆಗಿನ ಲೆಕ್ಕ ಇಷ್ಟಾಗುತ್ತದೆ:

| ತಿಂಗಳು | ಅಂದಾಜು (ಕಿಲೋ) | ಮಾರಾಟ (ಕಿಲೋ) | ವ್ಯತ್ಯಾಸ |
|---|---|---|---|
| ಏಪ್ರಿಲ್ | 140 | 141 | +1 |
| ಮೇ | 141 | 160 | +19 |
| ಜೂನ್ | 152 | 133 | −19 |
| ಜುಲೈ | 145 | 150 | +5 |

ಮೊಬೈಲ್‌ನಲ್ಲೋ ಕಂಪ್ಯೂಟರ್‌ನಲ್ಲೋ ಎಕ್ಸೆಲ್ ಬಳಸುವವರು ಎರಡನೇ ಸಾಲಿನಿಂದ ಜನವರಿ ಶುರುಮಾಡಿ, B ಕಾಲಮ್‌ನಲ್ಲಿ ಮಾರಾಟ ಬರೆದುಕೊಳ್ಳಬೇಕು. ಏಪ್ರಿಲ್ ಐದನೇ ಸಾಲಿಗೆ ಬರುತ್ತದೆ. ಅದರ ಅಂದಾಜಿಗೆ C5ರಲ್ಲಿ ಮೊದಲ ಸೂತ್ರ, ವ್ಯತ್ಯಾಸಕ್ಕೆ D5ರಲ್ಲಿ ಎರಡನೆಯದು:

```
=AVERAGE(B2:B4)
=B5-C5
```

ಎರಡನ್ನೂ ಕೆಳಕ್ಕೆ ಎಳೆದರೆ ಉಳಿದ ತಿಂಗಳುಗಳು ತಾವಾಗಿಯೇ ತುಂಬಿಕೊಳ್ಳುತ್ತವೆ. ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಮಾಡಿದರೂ ಒಂದು ಸಾಮಾನಿಗೆ ತಿಂಗಳಿಗೊಂದು ಭಾಗಾಕಾರ ಮಾತ್ರ.

ಈ ಕೋಷ್ಟಕದಲ್ಲಿ ಕಣ್ಣಿಗೆ ಚುಚ್ಚುವುದು ಮೇ ಮತ್ತು ಜೂನ್. ಮೇ ತಿಂಗಳು ಮದುವೆಗಳ ಕಾಲ, ಶಾಲೆಗೆ ರಜೆ, ಮನೆಗಳಲ್ಲಿ ನೆಂಟರು. 19 ಕಿಲೋ ಹೆಚ್ಚು ಹೋದದ್ದಕ್ಕೆ ಕಾರಣ ಹುಡುಕಲು ಕಷ್ಟಪಡಬೇಕಿಲ್ಲ. ಆದರೆ ಜೂನ್‌ನಲ್ಲಿ ಯಾಕೆ 19 ಕಡಿಮೆಯಾಯಿತು? ಶಾಲೆ ಶುರುವಾಯಿತು, ಜನರ ಕೈಯಲ್ಲಿ ದುಡ್ಡಿರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. ಪುಸ್ತಕದಲ್ಲಿರುವುದು 133 ಎಂಬ ಸಂಖ್ಯೆ ಮಾತ್ರ. ಜೂನ್ 26ರಿಂದ ತಿಂಗಳ ಕೊನೆಯವರೆಗೆ ಅಂಗಡಿಯಲ್ಲಿ ಏನು ನಡೆಯಿತು ಎಂಬುದು ಅದರಲ್ಲಿಲ್ಲ.

"ಬೇಳೆ ಇದ್ಯಾ ಅಣ್ಣ?"

"ಖಾಲಿ ಆಗಿದೆ ಅಕ್ಕ, ಮಂಗಳವಾರ ಬರುತ್ತೆ."

"ಸರಿ ಹಾಗಾದ್ರೆ, ಪಕ್ಕದ ಬೀದೀಲಿ ನೋಡ್ತೀನಿ."

ಐದು ದಿನ ಈ ಮಾತುಕತೆ ಮತ್ತೆ ಮತ್ತೆ ನಡೆದಿದೆ. ಬೇಳೆ ಕೇಳಿದವರು ಇದ್ದರು, ಕೊಡಲು ಇರಲಿಲ್ಲ. 133 ಎಂಬುದು ಅಂಗಡಿ ಮಾರಿದ ಬೇಳೆ, ಊರು ಕೇಳಿದ ಬೇಳೆಯಲ್ಲ. ಚಲಿಸುವ ಸರಾಸರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. 133ನ್ನು ಹಾಗೇ ಲೆಕ್ಕಕ್ಕೆ ತೆಗೆದುಕೊಂಡರೆ ಮುಂದಿನ ಅಂದಾಜು ತಗ್ಗುತ್ತದೆ, ತಗ್ಗಿದ ಅಂದಾಜಿಗೆ ತಕ್ಕಂತೆ ಕಡಿಮೆ ಚೀಲ ಬರುತ್ತದೆ, ಕಡಿಮೆ ಬಂದದ್ದು ಮತ್ತೆ ತಿಂಗಳ ಕೊನೆಗೆ ಮುಗಿಯುತ್ತದೆ, ಪುಸ್ತಕದಲ್ಲಿ ಮತ್ತೆ ಚಿಕ್ಕ ಸಂಖ್ಯೆ ಬೀಳುತ್ತದೆ. ನಾಲ್ಕೈದು ತಿಂಗಳು ಹೀಗೆ ನಡೆದರೆ ಆ ಅಂಗಡಿ ತನ್ನ ಗಿರಾಕಿಗಳನ್ನು ತಾನೇ ಲೆಕ್ಕ ಹಾಕಿ ಹೊರಗೆ ಕಳಿಸಿದಂತೆ. ಈ ಲೆಕ್ಕದಲ್ಲಿ ನನಗೆ ಎಲ್ಲಕ್ಕಿಂತ ಅಪಾಯಕಾರಿ ಎನಿಸುವುದು ಇದು. ಇಲ್ಲಿ ಗುಣಾಕಾರ, ಭಾಗಾಕಾರ ಎಲ್ಲವೂ ಸರಿಯಾಗಿದ್ದು ಫಲಿತಾಂಶ ಮಾತ್ರ ತಪ್ಪಾಗಿರುತ್ತದೆ.

ಇದಕ್ಕೆ ಮಾಡಬೇಕಾದದ್ದು ಚಿಕ್ಕ ಕೆಲಸ. ಸಾಮಾನು ಖಾಲಿಯಾದ ದಿನ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಗುರುತು ಹಾಕಬೇಕು, ಮತ್ತೆ ಬಂದ ದಿನ ಇನ್ನೊಂದು ಗುರುತು. ತಿಂಗಳ ಕೊನೆಗೆ ಆ ಖಾಲಿ ದಿನಗಳಲ್ಲಿ ಎಷ್ಟು ಹೋಗಬಹುದಿತ್ತು ಎಂದು ಸೇರಿಸಬೇಕು. ಇಲ್ಲೊಂದು ಎಚ್ಚರ ಬೇಕು. 25 ದಿನಕ್ಕೆ 133 ಎಂದರೆ ದಿನಕ್ಕೆ ಐದೂಕಾಲು ಕಿಲೋಗಿಂತ ಹೆಚ್ಚು, 30 ದಿನಕ್ಕೆ 160 ಎಂದು ಗುಣಿಸಿಬಿಡುವುದು ಸುಲಭ, ಆದರೆ ಸರಿಯಲ್ಲ. ಸಂಬಳದವರ ಮನೆ ಸಾಮಾನು ಹೋಗುವುದು ತಿಂಗಳ ಮೊದಲ ಹತ್ತು ದಿನಗಳಲ್ಲಿ. ಕೊನೆಯ ವಾರ ಕಾಲು ಕಿಲೋ ಗಿರಾಕಿಗಳ ವಾರ. ಹಿಂದಿನ ತಿಂಗಳ ಇದೇ ಕೊನೆಯ ಐದು ದಿನ ಎಷ್ಟು ಹೋಗಿತ್ತು ಎಂದು ನೋಡುವುದೇ ಮೇಲು. ಮೇ ಕೊನೆಯ ಐದು ದಿನಗಳಲ್ಲಿ 18 ಕಿಲೋ ಹೋಗಿದ್ದರೆ, ಜೂನ್‌ನ ನಿಜವಾದ ಬೇಡಿಕೆ 133ಕ್ಕೆ 18 ಸೇರಿ 151. ಜೂನ್‌ಗೆ ಹಾಕಿದ್ದ ಅಂದಾಜು 152 ಅಲ್ಲವೇ? ಸರಾಸರಿ ತಪ್ಪಿದ್ದು ಒಂದೇ ಕಿಲೋ. ದೊಡ್ಡದಾಗಿ ಕಂಡ 19 ಕಿಲೋ ತಪ್ಪು ಖಾಲಿ ಡಬ್ಬದ್ದು.

ತಿದ್ದಿದ ಅಂಕಿಯಿಂದ ಲೆಕ್ಕ ಹಾಕಿದರೆ ಜುಲೈನ ಅಂದಾಜು 151, ಮಾರಾಟ 150. ನಾಲ್ಕು ತಿಂಗಳ ತಪ್ಪುಗಳನ್ನು, ಹೆಚ್ಚೋ ಕಡಿಮೆಯೋ ನೋಡದೆ, ಕೂಡಿಸಿದರೆ 1, 19, 1, 1 ಸೇರಿ 22. ತಿಂಗಳಿಗೆ ಐದೂವರೆ ಕಿಲೋ. ಸರಾಸರಿ ಗಿರಾಸರಿ ಯಾಕೆ, ಹೋದ ತಿಂಗಳಷ್ಟೇ ಈ ತಿಂಗಳೂ ಎನ್ನುವವರ ಲೆಕ್ಕವನ್ನೂ ಇದೇ ನಾಲ್ಕು ತಿಂಗಳಿಗೆ ಹಾಕಿ ನೋಡಿದರೆ ತಪ್ಪು 15, 19, 9, 1 ಸೇರಿ 44, ತಿಂಗಳಿಗೆ 11 ಕಿಲೋ. ಇಂಥ ಹೋಲಿಕೆಯನ್ನು ಪ್ರತಿಯೊಬ್ಬರೂ ತಮ್ಮ ಪುಸ್ತಕದ ಹಳೆಯ ಅಂಕಿಗಳಿಂದಲೇ ಮಾಡಿಕೊಳ್ಳಬೇಕು. ಕೆಲವು ಸಾಮಾನಿಗೆ ಮೂರು ತಿಂಗಳ ಸರಾಸರಿಗಿಂತ ಆರು ತಿಂಗಳದ್ದು ಹೆಚ್ಚು ಹತ್ತಿರ ಬರುತ್ತದೆ. ಉಪ್ಪು, ಬಟ್ಟೆ ಸೋಪಿನಂಥ, ವರ್ಷವಿಡೀ ಒಂದೇ ಸಮ ಹೋಗುವ ಸಾಮಾನು ಅಂಥದ್ದು. ಹೆಚ್ಚು ತಿಂಗಳು ಸೇರಿಸಿದಷ್ಟೂ ಅಂದಾಜು ಅಲುಗಾಡದೆ ನಿಲ್ಲುತ್ತದೆ, ಜೊತೆಗೆ ಹೊಸ ಬದಲಾವಣೆಯನ್ನು ತಡವಾಗಿ ಕಾಣುತ್ತದೆ.

ಆಗಸ್ಟ್‌ಗೆ ಎಷ್ಟು ತರಬೇಕು ಎಂಬ ಪ್ರಶ್ನೆಗೆ ಈಗ ಬರೋಣ. ಮೇ 160, ಜೂನ್ 151, ಜುಲೈ 150. ಸರಾಸರಿ 154 ಕಿಲೋ. ಇದು ಬೇಡಿಕೆಯ ಅಂದಾಜೇ ಹೊರತು ಖರೀದಿಯ ಪ್ರಮಾಣವಲ್ಲ. ಅಂದಾಜು ತಪ್ಪಿದರೂ ಡಬ್ಬ ಖಾಲಿಯಾಗದಿರಲು ಸ್ವಲ್ಪ ಮೇಲುದಾಸ್ತಾನು ಬೇಕು. ಎಷ್ಟು ಎಂಬುದನ್ನು ನಮ್ಮ ತಪ್ಪುಗಳ ಕಾಲಮ್ಮೇ ಹೇಳುತ್ತದೆ: ಈವರೆಗಿನ ಅತಿ ದೊಡ್ಡ ತಪ್ಪು 19, ಹಾಗಾಗಿ 20 ಕಿಲೋ ಇಟ್ಟುಕೊಳ್ಳೋಣ. ಒಟ್ಟು 174. ಜುಲೈ 31ರ ರಾತ್ರಿ ಅಂಗಡಿಯಲ್ಲಿ 26 ಕಿಲೋ ಉಳಿದಿದ್ದರೆ ತರಬೇಕಾದದ್ದು 148. ಈ ಅಂಗಡಿಗೆ ಬರುವುದು 30 ಕಿಲೋ ಚೀಲ. ಐದು ಚೀಲ ಸರಿಯಾಯಿತು.

ಐದನ್ನೂ ಒಂದೇ ಸಲ ಇಳಿಸಿಕೊಳ್ಳಬೇಕೆಂದಿಲ್ಲ. ಫೋನ್ ಮಾಡಿದ ಎರಡು ದಿನಕ್ಕೆ ಮಂಡಿಯವರು ಮಾಲು ಕಳಿಸುತ್ತಾರೆ ಎಂದಾದರೆ, ದಿನಕ್ಕೆ ಐದು ಕಿಲೋದಂತೆ ಆ ಎರಡು ದಿನಕ್ಕೆ ಹತ್ತು ಕಿಲೋ, ಮೇಲುದಾಸ್ತಾನು ಇಪ್ಪತ್ತು, ಸೇರಿ 30. ಎಂದರೆ ಸರಿಯಾಗಿ ಒಂದು ಚೀಲ. ಕೊನೆಯ ಚೀಲದ ಬಾಯಿ ಬಿಚ್ಚಿದ ದಿನವೇ ಫೋನ್ ಮಾಡಬೇಕು ಎಂಬ ನಿಯಮ ಇದರಿಂದ ಸಿಗುತ್ತದೆ. ಅಂಗಡಿಯ ಹುಡುಗನಿಗೂ ಇದನ್ನು ಹೇಳಿಕೊಡಬಹುದು, ಅವನಿಗೆ ಸರಾಸರಿಯ ಗೊಡವೆಯೇ ಬೇಡ.

ಇಷ್ಟೆಲ್ಲ ಮಾಡಿದ ಮೇಲೂ ಈ ಲೆಕ್ಕ ಆಗಸ್ಟ್‌ನಲ್ಲಿ ಏನಿದೆ ಎಂಬುದನ್ನು ನೋಡಿಲ್ಲ. 2025ರಲ್ಲಿ ಗಣೇಶನ ಹಬ್ಬ ಆಗಸ್ಟ್ 27ಕ್ಕೆ ಬಂತು. ಹಿಂದಿನ ವರ್ಷ ಅದು ಸೆಪ್ಟೆಂಬರ್ 7ರಂದು ಇತ್ತು. ಹಿಂದಿನ ವರ್ಷದ ಆಗಸ್ಟ್ ಪುಟ ತೆರೆದು ನೋಡಿದರೂ ಹಬ್ಬದ ವ್ಯಾಪಾರ ಪೂರ್ತಿ ಕಾಣುವುದಿಲ್ಲ, ಬಹುಪಾಲು ಮುಂದಿನ ಪುಟದಲ್ಲಿರುತ್ತದೆ. ಯುಗಾದಿಯದೂ ಇದೇ ಕಥೆ. 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30. ನಮ್ಮ ಉದಾಹರಣೆಯಲ್ಲಿ ಮಾರ್ಚ್ 156 ಕಿಲೋಗೆ ಏರಿದ್ದು ಹೋಳಿಗೆಯ ಬೇಳೆಯಿಂದ. 2024ರ ಪುಸ್ತಕದಲ್ಲಿ ಆ ಏರಿಕೆ ಏಪ್ರಿಲ್‌ನಲ್ಲಿ ಸಿಗಬೇಕು. ಹಬ್ಬಗಳು ಪಂಚಾಂಗದ ತಿಥಿಯ ಮೇಲೆ ನಡೆಯುತ್ತವೆ, ನಮ್ಮ ಲೆಕ್ಕದ ಪುಸ್ತಕ ಇಂಗ್ಲಿಷ್ ತಿಂಗಳ ಮೇಲೆ. ಅಧಿಕ ಮಾಸ ಬಂದ ವರ್ಷ ಈ ಅಂತರ ಇನ್ನೂ ದೊಡ್ಡದು. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಗಣೇಶನ ಹಬ್ಬ ಸೆಪ್ಟೆಂಬರ್ 14ಕ್ಕೆ ಹೋಗುತ್ತದೆ. ಆದ್ದರಿಂದ ಹಬ್ಬದ ಹೆಚ್ಚುವರಿಯನ್ನು ತಿಂಗಳ ಹೆಸರಿನಲ್ಲಲ್ಲ, ಹಬ್ಬದ ಹೆಸರಿನಲ್ಲೇ ಬೇರೆ ಹಾಳೆಯಲ್ಲಿ ಬರೆದಿಡುವುದು ಸರಿ: ಯುಗಾದಿಗೆ ಬೇಳೆ ಮಾಮೂಲಿಗಿಂತ 24 ಕಿಲೋ ಹೆಚ್ಚು, ಹೀಗೆ. ಜನವರಿ, ಫೆಬ್ರವರಿಯ ಸರಾಸರಿ 132ನ್ನು ಮಾರ್ಚ್‌ನ 156ರಿಂದ ಕಳೆದು ಬಂದ ಅಂಕಿ ಅದು. ಗಣೇಶನಿಗೆ ಕಡುಬೇ ಮುಖ್ಯವಾದ್ದರಿಂದ ಬೇಳೆ ಯುಗಾದಿಯಷ್ಟು ಹೋಗಲಾರದು. ಆರನೇ ಚೀಲ ಬೇಕಾದರೂ ಆಗಸ್ಟ್ 20ರ ಹೊತ್ತಿಗೆ ಉಳಿದದ್ದನ್ನು ತೂಗಿ ನಿರ್ಧರಿಸಿದರೆ ಸಾಕು.

ಹಬ್ಬ ಎಷ್ಟು ಜೋರಾಗಿ ಸರಾಸರಿಯನ್ನು ಕೆಡಿಸಬಲ್ಲದು ಎಂಬುದಕ್ಕೆ ಬೇಳೆಗಿಂತ ಬೆಲ್ಲವೇ ಒಳ್ಳೆಯ ಸಾಕ್ಷಿ. ಸಂಕ್ರಾಂತಿ ಸೂರ್ಯನ ಲೆಕ್ಕದ ಹಬ್ಬ, ಜನವರಿ ಮಧ್ಯ ಬಿಟ್ಟು ಅಲುಗುವುದಿಲ್ಲ. ಎಳ್ಳು ಬೆಲ್ಲದ ತಿಂಗಳು ಯಾವುದೆಂಬ ಗೊಂದಲವಿಲ್ಲ. ಅಕ್ಟೋಬರ್‌ನಲ್ಲಿ 42, ನವೆಂಬರ್‌ನಲ್ಲಿ 40, ಡಿಸೆಂಬರ್‌ನಲ್ಲಿ 38 ಕಿಲೋ ಬೆಲ್ಲ ಹೋದ ಅಂಗಡಿಯಲ್ಲಿ ಜನವರಿಗೆ ಸರಾಸರಿ ಹೇಳುವುದು 40. ನಿಜವಾಗಿ ಹೋಗುವುದು 110 ಎನ್ನೋಣ. ಹಬ್ಬದ ಮುಂಚಿನ ವಾರ ಬೆಲ್ಲ ಇಲ್ಲ ಎನ್ನಿಸಿಕೊಂಡದ್ದು ಒಂದು ನಷ್ಟ. ಎರಡನೆಯ ನಷ್ಟ ಆಮೇಲೆ ಬರುತ್ತದೆ. ಫೆಬ್ರವರಿಗೆ 40, 38, 110ರ ಸರಾಸರಿ 63 ಕಿಲೋ ಎನ್ನುತ್ತದೆ, ಹೋಗುವುದು 36. ಆ 110 ಮೂರು ತಿಂಗಳು ಲೆಕ್ಕದೊಳಗೇ ಕೂತು ಏಪ್ರಿಲ್‌ವರೆಗೂ ಹೆಚ್ಚು ತರಿಸುತ್ತಲೇ ಇರುತ್ತದೆ. ಬೇಸಿಗೆಯ ಬಿಸಿಗೆ ಆ ಹೆಚ್ಚುವರಿ ಬೆಲ್ಲ ಡಬ್ಬದಲ್ಲಿ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ಪರಿಹಾರ ಹಿಂದಿನ ವರ್ಷದ ಪುಸ್ತಕದಲ್ಲಿದೆ. ಹಿಂದಿನ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸರಾಸರಿ 36 ಇದ್ದು ಜನವರಿಯಲ್ಲಿ 96 ಹೋಗಿದ್ದರೆ, ಸಂಕ್ರಾಂತಿ ಮಾಮೂಲಿನ ಎರಡೂಮುಕ್ಕಾಲು ಪಟ್ಟಿಗೆ ಸ್ವಲ್ಪ ಕಡಿಮೆ. ಈ ವರ್ಷದ ಸರಾಸರಿ 40ನ್ನು ಅದೇ ಪಟ್ಟಿಗೆ ಏರಿಸಿದರೆ 107 ಸಿಗುತ್ತದೆ, 110ಕ್ಕೆ ಇದು ಸಾಕಷ್ಟು ಹತ್ತಿರ. ಹಬ್ಬ ಮುಗಿದ ಮೇಲೆ ಮುಂದಿನ ಸರಾಸರಿಗೆ ಜನವರಿಯ ಜಾಗದಲ್ಲಿ 110ರ ಬದಲು 40 ಬರೆದುಕೊಳ್ಳಬೇಕು. 110 ಹಬ್ಬದ ಹಾಳೆಗೆ ಸೇರಲಿ. ಇದಕ್ಕೆ ಒಂದು ವರ್ಷದ ಹಳೆಯ ಲೆಕ್ಕ ಬೇಕೇ ಬೇಕು. ಹೊಸದಾಗಿ ಅಂಗಡಿ ತೆರೆದವರಿಗೆ ಮೊದಲ ಸಂಕ್ರಾಂತಿಯಲ್ಲಿ ಈ ಸಹಾಯ ಸಿಗುವುದಿಲ್ಲ, ಅವರು ಮಂಡಿಯವರ ಅನುಭವವನ್ನೇ ಕೇಳಬೇಕು.

ಹಬ್ಬ ಬಂದು ಹೋಗುತ್ತದೆ. ಬಂದು ಉಳಿಯುವ ಬದಲಾವಣೆ ಬೇರೆ. ಅಂಗಡಿಯ ಹಿಂದೆ ಹೊಸ ಬಡಾವಣೆ ಎದ್ದು ತಿಂಗಳಿಗೆ ನಾಲ್ಕಾರು ಮನೆ ತುಂಬುತ್ತಿವೆ ಎನ್ನಿ. ಬೇಳೆ 100, 110, 120 ಎಂದು ಏರುತ್ತಿದೆ. ಸರಾಸರಿ 110 ಎನ್ನುತ್ತದೆ, ಆ ತಿಂಗಳು ಹೋಗುವುದು 130. ಮುಂದಿನ ತಿಂಗಳು 120 ಎನ್ನುತ್ತದೆ, ಹೋಗುವುದು 140. ಏರುವ ಮಾರಾಟದ ಹಿಂದೆ ಸರಾಸರಿ ಯಾವಾಗಲೂ 20 ಕಿಲೋ ಹಿಂದೆಯೇ ನಡೆಯುತ್ತದೆ. ಇದನ್ನು ಗುರುತಿಸುವುದು ವ್ಯತ್ಯಾಸದ ಕಾಲಮ್ಮಿನಲ್ಲಿ. ನಮ್ಮ ಮೊದಲ ಲೆಕ್ಕವನ್ನು ತಿದ್ದಿದ ಮೇಲೆ ವ್ಯತ್ಯಾಸ +1, +19, −1, −1 ಎಂದು ಎರಡೂ ಕಡೆ ತೂಗಾಡುತ್ತಿತ್ತು, ಅದು ಆರೋಗ್ಯದ ಲಕ್ಷಣ. ನಾಲ್ಕೈದು ತಿಂಗಳು ಒಂದೇ ಸಮನೆ ಕೂಡಿಸುವ ಚಿಹ್ನೆಯೇ ಬರುತ್ತಿದ್ದರೆ ಮಾರಾಟ ಏರುತ್ತಿದೆ, ಕಳೆಯುವ ಚಿಹ್ನೆಯೇ ಬರುತ್ತಿದ್ದರೆ ಎಲ್ಲೋ ಹತ್ತಿರದಲ್ಲಿ ಇನ್ನೊಂದು ಅಂಗಡಿ ತೆರೆದಿದೆ. ಸರಾಸರಿಗೆ ಆ ಮಾಮೂಲಿ ತಪ್ಪನ್ನೇ ಸೇರಿಸಿಕೊಂಡರೆ (110ಕ್ಕೆ 20 ಸೇರಿಸಿ 130) ಸದ್ಯಕ್ಕೆ ಕೆಲಸ ನಡೆಯುತ್ತದೆ. ಏರಿಕೆ ನಿಂತ ತಿಂಗಳು ಅದನ್ನು ಕೈಬಿಡಲು ಮರೆಯಬಾರದು.

ಬ್ರೆಡ್ಡು, ಮೊಸರಿನಂಥ ಸಾಮಾನಿಗೆ ತಿಂಗಳ ಲೆಕ್ಕ ನಡೆಯದು. ಅಲ್ಲಿ ಕಳೆದ ನಾಲ್ಕು ಭಾನುವಾರಗಳ ಸರಾಸರಿ ಬರುವ ಭಾನುವಾರಕ್ಕೆ, ನಾಲ್ಕು ಸೋಮವಾರಗಳದ್ದು ಸೋಮವಾರಕ್ಕೆ. ಎಲ್ಲ ಸಾಮಾನಿಗೂ ಈ ಪುಸ್ತಕ ಇಡಬೇಕಿಲ್ಲ. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ ಹೀಗೆ ಹೆಚ್ಚು ದುಡ್ಡು ಹಿಡಿದು ಕೂರುವ ಇಪ್ಪತ್ತು ಇಪ್ಪತ್ತೈದು ಬಾಬ್ತು ಸಾಕು. ಬೆಂಕಿಪೊಟ್ಟಣ ಅಂದಾಜಿನಲ್ಲೇ ನಡೆಯಲಿ.

ಈ ಪುಸ್ತಕ ಕೈಯಲ್ಲಿದ್ದವರಿಗೆ ಮಂಡಿಯವರ ಇನ್ನೊಂದು ಮಾತಿಗೂ ಉತ್ತರ ಸಿಗುತ್ತದೆ. "ಐದು ಯಾಕಣ್ಣ, ಹತ್ತು ಚೀಲ ತಗೊಳ್ಳಿ, ಚೀಲಕ್ಕೆ ಐವತ್ತು ರೂಪಾಯಿ ಬಿಡ್ತೀನಿ." ಹತ್ತು ಚೀಲಕ್ಕೆ 500 ರೂಪಾಯಿ ಉಳಿತಾಯ ಕಣ್ಣಿಗೆ ಕಾಣುತ್ತದೆ. ತಿಂಗಳಿಗೆ ಐದು ಚೀಲವೇ ಸಾಕೆಂದು ಪುಸ್ತಕ ಹೇಳುತ್ತಿದೆ, ಉಳಿದ ಐದು ಒಂದು ತಿಂಗಳು ಸುಮ್ಮನೆ ಕೂರುತ್ತವೆ. ಕಿಲೋಗೆ 100 ರೂಪಾಯಿಯಂತೆ ಹಿಡಿದರೂ 15,000 ರೂಪಾಯಿ ಅಲ್ಲಿ ಸಿಕ್ಕಿಕೊಂಡಿತು. ಕೈಸಾಲದ ದುಡ್ಡಾಗಿದ್ದರೆ ತಿಂಗಳಿಗೆ ನೂರಕ್ಕೆ ಎರಡರಂತೆ ಬಡ್ಡಿ 300. ಅಷ್ಟರಲ್ಲಿ ಬೇಳೆ ಬೆಲೆ ಕಿಲೋಗೆ ಎರಡು ರೂಪಾಯಿ ಇಳಿದರೆ 150 ಕಿಲೋ ಮೇಲೆ ಇನ್ನೊಂದು 300 ಹೋಯಿತು, ಆಗಲೇ ನೂರು ರೂಪಾಯಿ ನಷ್ಟ. ಮಳೆಗಾಲದ ತೇವಕ್ಕೆ ಚೀಲದ ಅಡಿಯಲ್ಲಿ ಹುಳ ಕಾಣಿಸಿಕೊಂಡರೆ ಅದು ಬೇರೆ. ಬೆಲೆ ಏರುವ ಕಾಲದಲ್ಲಿ, ಸ್ವಂತ ದುಡ್ಡಿನಲ್ಲಿ, ಒಣ ಹವೆಯಲ್ಲಿ ಇದೇ ಹತ್ತು ಚೀಲ ಲಾಭದ ಮಾತಾಗಬಹುದು. ಆಗಸ್ಟ್‌ನಲ್ಲಿ, ಬೆಲೆ ಇಳಿಯುತ್ತಿರುವ ವರ್ಷದಲ್ಲಿ, ಐದೇ ಸಾಕು ಎಂದು ಹೇಳಿ ಫೋನ್ ಇಡಬಹುದು.